ಪೊರೆ ತೆಗೆಸಿದ ಕಣ್ಣಿಗೆ ಮತ್ತೆ ಮಬ್ಬು: ಕಲ್ಪನೆ ಏನು, ಸತ್ಯ ಏನು?

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮಳೆಗಾಲ ಹಿಡಿದರೆ ಹಗಲಿನಲ್ಲೂ ವಾಹನಗಳು ಲೈಟ್ ಹಾಕಿಕೊಂಡೇ ಓಡಾಡುತ್ತವೆ. ಮಂಜಿಗೆ ಒಗ್ಗಿಹೋದ ಇಂಥ ಊರಿನಲ್ಲಿ, ಎದುರಿನದು ಮಸುಕಾಗಿ ಕಂಡರೆ ಕಣ್ಣಿನ ಮೇಲೆ ಅನುಮಾನ ಬರುವುದು ತಡವಾಗಿಯೇ. ಆಪರೇಷನ್ ಆಗಿ ವರ್ಷ ಕಳೆದ ಕಣ್ಣಾದರಂತೂ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿರುತ್ತಾರೆ.

ಇಲ್ಲಿನ ಒಬ್ಬ ಕಾಫಿ ಬೆಳೆಗಾರರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ವಯಸ್ಸು 66. ಅರೇಬಿಕಾ ಕೊಯ್ಲು ಮುಗಿಸಿ ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದಾರೆ. ಮೊದಲ ವರ್ಷ ಗಿಡದ ಹಣ್ಣು, ಕಾಯಿ ಎರಡೂ ದೂರದಿಂದಲೇ ಬೇರೆಬೇರೆಯಾಗಿ ಕಾಣುತ್ತಿದ್ದವು. ಒಂದೂವರೆ ವರ್ಷದ ಹೊತ್ತಿಗೆ ಪತ್ರಿಕೆಯ ಅಕ್ಷರ ಮಾಸಿದಂತಾಯಿತು. ರಾತ್ರಿ ಎದುರು ಬರುವ ಜೀಪಿನ ಲೈಟು ಕಣ್ಣಿಗೆ ರಾಚಿ ಚದುರತೊಡಗಿತು. ನೋವಿಲ್ಲ, ಕೆಂಪಿಲ್ಲ. ಬಿಸಿಲಿನ ದಿನ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದಾಗ ಮಬ್ಬು ಇರುವುದು ಬಲಗಣ್ಣಿನಲ್ಲಿ ಮಾತ್ರ ಎಂದು ತಿಳಿಯಿತು.

ಕಲ್ಪನೆ: ಪೊರೆ ಮತ್ತೆ ಬೆಳೆದಿದೆ.

ಸತ್ಯ: ಪೊರೆ ಎಂದರೆ ಮಸುಕಾದ ನಮ್ಮದೇ ಲೆನ್ಸ್. ಅದನ್ನು ತೆಗೆದ ಮೇಲೆ ಮತ್ತೆ ಬೆಳೆಯಲು ಅಲ್ಲಿ ಲೆನ್ಸೇ ಇಲ್ಲ. ಆದರೆ ಆ ಲೆನ್ಸ್ ಕೂತಿದ್ದ ಪಾರದರ್ಶಕ ಚೀಲ ಅಲ್ಲೇ ಇರುತ್ತದೆ. ಈಗಿನ ಆಪರೇಷನ್ನಿನಲ್ಲಿ ಚೀಲದ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆದು, ಒಳಗಿನ ಪೊರೆಯನ್ನು ಹೊರತೆಗೆದು, ಕೃತಕ ಲೆನ್ಸನ್ನು ಅದೇ ಚೀಲದಲ್ಲಿ ಕೂರಿಸುತ್ತಾರೆ. ಲೆನ್ಸಿಗೆ ಬೆನ್ನಾಗಿ ನಿಲ್ಲುವ ಹಿಂಭಾಗದ ಹಾಳೆಯ ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಪಾಲು.

ಚೀಲದ ಅಂಚಿನ ಒಳಮೈಯಲ್ಲಿ ಲೆನ್ಸಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಎಷ್ಟು ಜಾಗರೂಕತೆಯಿಂದ ತೊಳೆದರೂ ಕೆಲವು ಉಳಿಯುತ್ತವೆ. ತಿಂಗಳುಗಳು ಉರುಳಿದಂತೆ ಅವು ಹೆಚ್ಚುತ್ತಾ, ಹಿಂಭಾಗದ ಹಾಳೆಯ ಮೇಲೆ ನಡುವಿನತ್ತ ಹರಿದು ಬರುತ್ತವೆ. ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿದರೆ ಕೆಲವರ ಕಣ್ಣಲ್ಲಿ ಅವು ನೆನೆಸಿದ ಸಬ್ಬಕ್ಕಿಯಂತೆ ಗುಂಪುಗುಂಪಾಗಿ ಕಾಣುತ್ತವೆ. ಇನ್ನು ಕೆಲವರಲ್ಲಿ ಹಾಳೆಯೇ ನಾರುಗಟ್ಟಿ ಸುಕ್ಕಾಗುತ್ತದೆ. ಬೆಳಕು ಇದನ್ನು ಹಾದು ರೆಟಿನಾ ಮುಟ್ಟಬೇಕಾದ್ದರಿಂದ ಚದುರುತ್ತದೆ. ಕನ್ನಡಕದ ನಂಬರ್ ಬದಲಿಸಿದರೂ ಮಬ್ಬು ಹೋಗದಿರುವುದು ಇದೇ ಕಾರಣಕ್ಕೆ. ಕಣ್ಣಿಗೆ ಬಿಡುವ ಯಾವ ಹನಿಯೂ ಇದನ್ನು ಕರಗಿಸುವುದಿಲ್ಲ.

ಕಲ್ಪನೆ: ಆಪರೇಷನ್ ಸರಿಯಾಗಿ ಮಾಡಿಲ್ಲ. ಹಿಂದಿನವರಿಗೆ ಹೀಗೆ ಆಗುತ್ತಿರಲಿಲ್ಲ.

ಸತ್ಯ: ಹಿಂದಿನವರಿಗೆ ಆಗುತ್ತಿರಲಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲವನ್ನು ಕರ್ನಾಟಕದ ಹಿರಿಯರು ಈಗಲೂ ನೆನೆಯುತ್ತಾರೆ. ಆ ದಶಕಗಳ ಶಿಬಿರಗಳಲ್ಲಿ ಸಾಮಾನ್ಯವಾಗಿದ್ದ ವಿಧಾನದಲ್ಲಿ ಪೊರೆಯನ್ನು ಚೀಲದ ಸಮೇತ ಇಡಿಯಾಗಿ ಹೊರತೆಗೆಯುತ್ತಿದ್ದರು. ಚೀಲವೇ ಇಲ್ಲವಾದ್ದರಿಂದ ಅದು ಮಸುಕಾಗುವ ಪ್ರಶ್ನೆಯೂ ಇರಲಿಲ್ಲ. ಆದರೆ ಒಳಗೆ ಲೆನ್ಸ್ ಕೂರಿಸಲು ಆಧಾರವೂ ಇಲ್ಲದೆ, ಆ ತಲೆಮಾರಿನವರು ಉಬ್ಬು ಗಾಜಿನ ದಪ್ಪ ಕನ್ನಡಕ ಹಾಕಿಕೊಂಡೇ ಬದುಕಿದರು. ಕನ್ನಡಕ ತೆಗೆದರೆ ಎದುರಿಗಿರುವವರ ಮುಖವೂ ಗುರುತು ಸಿಗುತ್ತಿರಲಿಲ್ಲ.

ಕಣ್ಣೊಳಗೆ ಲೆನ್ಸ್ ಹಾಕುವ ವಿಧಾನ ರೂಢಿಗೆ ಬಂದ ಮೇಲೆ ಚೀಲವನ್ನು ಉಳಿಸಿಕೊಳ್ಳಬೇಕಾಯಿತು. ಈ ಮಬ್ಬು ಆ ಲಾಭದ ಜೊತೆಗೇ ಬಂದದ್ದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆಪರೇಷನ್ ಆದ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 12 ಕಣ್ಣುಗಳಲ್ಲಿ, ಐದು ವರ್ಷದೊಳಗೆ ಸುಮಾರು 28 ಕಣ್ಣುಗಳಲ್ಲಿ ಇದು ಕಾಣಿಸಿಕೊಂಡಿತ್ತು. ಹಿಂಬದಿಯ ಅಂಚು ಚೂಪಾಗಿರುವ ಲೆನ್ಸ್‌ಗಳು ಜೀವಕೋಶಗಳನ್ನು ಅಂಚಿನಲ್ಲೇ ತಡೆಯುವುದರಿಂದ ಈಗ ಪ್ರಮಾಣ ಇಳಿದಿದೆ, ಪೂರ್ತಿ ನಿಂತಿಲ್ಲ. ವಯಸ್ಸು ಚಿಕ್ಕದಾದಷ್ಟೂ ಇದು ಹೆಚ್ಚು.

ಕಲ್ಪನೆ: ಈ ಮಬ್ಬಿಗೆ ಮಾಡುವ ಲೇಸರ್ ಎಂದರೆ ಇನ್ನೊಂದು ಆಪರೇಷನ್. ಮಬ್ಬು ಚೆನ್ನಾಗಿ ಬಲಿಯಲಿ, ಆಮೇಲೆ ನೋಡಿದರಾಯಿತು.

ಸತ್ಯ: ಬಲಿಯಲಿ ಎಂದು ಕಾಯುವುದರಿಂದ ಏನೂ ಸಿಗುವುದಿಲ್ಲ. ಓದಲು, ಗಾಡಿ ಓಡಿಸಲು, ತೋಟದ ಕೆಲಸಕ್ಕೆ ತೊಂದರೆಯಾಗುತ್ತಿದೆ ಎನ್ನುವುದೇ ಸಾಕಷ್ಟು ಕಾರಣ. ತೊಂದರೆ ಇಲ್ಲದಿದ್ದರೆ, ಚೀಲ ತುಸು ಮಸುಕಾಗಿದ್ದರೂ ಲೇಸರ್ ಬೇಕಿಲ್ಲ.

ನಮ್ಮ ಬೆಳೆಗಾರರ ಬಲಗಣ್ಣಿನ ದೃಷ್ಟಿ 6/18ಕ್ಕೆ ಇಳಿದಿದೆ ಎಂದುಕೊಳ್ಳೋಣ. ಅಂದರೆ ಸಾಮಾನ್ಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ ಕಾಣಬೇಕಾದರೆ 6 ಮೀಟರಿಗೆ ಬರಬೇಕು. ಲೇಸರ್ ಮಾಡುವ ಮೊದಲು ಹನಿ ಬಿಟ್ಟು ಪಾಪೆ ಹಿಗ್ಗಿಸುತ್ತಾರೆ, ಕಣ್ಣಿನ ಒತ್ತಡ ಏರದಂತೆ ಇನ್ನೊಂದು ಹನಿ ಹಾಕುತ್ತಾರೆ. ಮಲಗಿಸುವುದಿಲ್ಲ. ಪರೀಕ್ಷೆಗೆ ಕೂರುವ ಹಾಗೆಯೇ ಸ್ಲಿಟ್ ಲ್ಯಾಂಪ್ ಮುಂದೆ ಗದ್ದ, ಹಣೆ ಒತ್ತಿ ಕೂರಿಸುತ್ತಾರೆ. ಮರಗಟ್ಟಿಸುವ ಹನಿ ಹಾಕಿ, ಬೇಕಾದರೆ ಕಣ್ಣಿನ ಮೇಲೆ ಪುಟ್ಟ ಮಸೂರವೊಂದನ್ನು ಹಿಡಿಯುತ್ತಾರೆ.

ಯಾಗ್ ಎಂಬ ಈ ಲೇಸರಿನ ಕಿರಣ ಕಣ್ಣಿಗೆ ಕಾಣುವುದಿಲ್ಲ. ಗುರಿ ಹಿಡಿಯಲು ಜೊತೆಗೊಂದು ಕೆಂಪು ಚುಕ್ಕೆ ಇರುತ್ತದೆ. ಪ್ರತಿ ಹೊಡೆತವೂ ಒಂದು ಸೆಕೆಂಡಿನ ನೂರು ಕೋಟಿಯ ಕೆಲವು ಪಾಲಿನಷ್ಟು ಹೊತ್ತು ಮಾತ್ರ. ಅದು ಹಾಳೆಯನ್ನು ಸುಡುವುದಿಲ್ಲ. ಗುರಿಯಿಟ್ಟ ಚುಕ್ಕೆಯಲ್ಲಿ ಸೂಕ್ಷ್ಮ ಸ್ಫೋಟವಾಗಿ ಹಾಳೆ ಸೀಳುತ್ತದೆ. ವೈದ್ಯರು ಒಂದೆರಡು ಮಿಲಿಜೂಲ್ ಶಕ್ತಿಯಿಂದ ಆರಂಭಿಸಿ, ಹಲವು ಹೊಡೆತಗಳಲ್ಲಿ ನಡುವೆ 3ರಿಂದ 4 ಮಿಲಿಮೀಟರ್ ಅಗಲದ ಕಿಂಡಿ ತೆರೆಯುತ್ತಾರೆ. ಕೃತಕ ಲೆನ್ಸಿನ ಮೇಲೆ ಕಲೆ ಬೀಳದಿರಲಿ ಎಂದು ಗುರಿಯನ್ನು ಹಾಳೆಗಿಂತ ಕೂದಲೆಳೆಯಷ್ಟು ಹಿಂದಕ್ಕಿಡುತ್ತಾರೆ. ಟಿಕ್ ಟಿಕ್ ಸದ್ದು, ಮಿಂಚಿದಂಥ ಬೆಳಕು ಅರಿವಿಗೆ ಬರುತ್ತವೆ, ನೋವು ಇರುವುದಿಲ್ಲ. ಕೆಲವೇ ನಿಮಿಷಗಳ ಕೆಲಸ. ಚರ್ಮ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಬ್ಯಾಂಡೇಜ್ ಇಲ್ಲ. ತಲೆಗೆ ನೀರು ಹಾಕಬಾರದು, ವಾರಗಟ್ಟಲೆ ಮಲಗಿರಬೇಕು ಎಂಬ ಹಳೆಯ ಪಥ್ಯವೂ ಇದಕ್ಕೆ ಬೇಕಿಲ್ಲ.

ಒಂದು ಎಚ್ಚರಿಕೆ ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹಿಗ್ಗಿದ ಪಾಪೆ ಹಲವು ಗಂಟೆ ಹಾಗೇ ಇರುತ್ತದೆ, ಬೆಳಕು ಚುಚ್ಚುತ್ತದೆ. ಘಾಟಿಯ ತಿರುವುಗಳಲ್ಲಿ ತಾವೇ ಗಾಡಿ ಓಡಿಸಿಕೊಂಡು ಬರುವ ಯೋಚನೆ ಬೇಡ, ಜೊತೆಗೆ ಒಬ್ಬರಿರಬೇಕು. ಒತ್ತಡ ಏರುವುದಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಏರುತ್ತದೆ. ಅದನ್ನು ಮತ್ತೆ ನೋಡಿಯೇ ಕಳಿಸುತ್ತೇವೆ ಎಂದರೆ ಬಸ್ಸಿನ ಹೊತ್ತಾಯಿತೆಂದು ಎದ್ದು ಬರಬಾರದು. ಗ್ಲಾಕೋಮಾ ಇರುವವರಿಗೆ ಈ ಮಾತು ಇನ್ನೂ ಮುಖ್ಯ.

ಕಲ್ಪನೆ: ಲೇಸರ್ ಮಾಡಿಸಿದರೆ ಎಲ್ಲ ಮಬ್ಬೂ ಹೋಗುತ್ತದೆ, ಅದರಿಂದ ಅಪಾಯವೇ ಇಲ್ಲ.

ಸತ್ಯ: ಲೇಸರ್ ತೆಗೆಯುವುದು ಚೀಲದ ಮಬ್ಬನ್ನು ಮಾತ್ರ. ಸಕ್ಕರೆ ಕಾಯಿಲೆಯಿಂದ ರೆಟಿನಾ ಊದಿದ್ದರೆ ಅಥವಾ ಗ್ಲಾಕೋಮಾದಿಂದ ನರ ಸೊರಗಿದ್ದರೆ ಕಿಂಡಿ ತೆರೆದರೂ ದೃಷ್ಟಿ ಅಷ್ಟಾಗಿ ಸುಧಾರಿಸದು. ಹಾಗಾಗಿ ಲೇಸರಿಗೆ ಮೊದಲು ರೆಟಿನಾ ಪರೀಕ್ಷೆ ಆಗಲೇಬೇಕು. ನಮ್ಮ ಬೆಳೆಗಾರರ ರೆಟಿನಾ ಆರೋಗ್ಯವಾಗಿದ್ದರೆ ಒಂದೆರಡು ದಿನದಲ್ಲೇ ದೃಷ್ಟಿ ಆಪರೇಷನ್ ಆದ ಹೊಸತರಲ್ಲಿದ್ದಷ್ಟಕ್ಕೆ ಮರಳುತ್ತದೆ. ಓದುವ ಕನ್ನಡಕ ಮೊದಲಿನಂತೆಯೇ ಬೇಕು. ವಯಸ್ಕರಲ್ಲಿ ಒಮ್ಮೆ ತೆರೆದ ಕಿಂಡಿ ಮತ್ತೆ ಮುಚ್ಚುವುದು ಅಪರೂಪ.

ಸೀಳಿದ ಹಾಳೆಯ ಚೂರುಗಳು ಕೆಲವು ದಿನ ಕಣ್ಣ ಮುಂದೆ ನೊಣದಂತೆ ತೇಲುತ್ತವೆ, ನಿಧಾನವಾಗಿ ಕೆಳಗಿಳಿಯುತ್ತವೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಕೆಲವೇ ಜನರಲ್ಲಿ, ಅದರಲ್ಲೂ ಹೆಚ್ಚು ಮೈನಸ್ ನಂಬರ್ ಇದ್ದವರಲ್ಲಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ರೆಟಿನಾ ಕಳಚಿಕೊಳ್ಳಬಹುದು. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಸುರಿಮಳೆ, ಕತ್ತಲಲ್ಲೂ ಮಿಂಚಿದಂತಾಗುವುದು, ಒಂದು ಬದಿಯಿಂದ ಪರದೆ ಎಳೆದಂತೆ ಕಪ್ಪಾಗುವುದು ಅದರ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ, ರೆಟಿನಾ ತಜ್ಞರಿರುವ ಆಸ್ಪತ್ರೆಗೆ ಅದೇ ದಿನ ಹೊರಡಬೇಕು. ಹಳೆಯ ಆಪರೇಷನ್ ಮತ್ತು ಲೇಸರಿನ ಚೀಟಿಗಳು ಜೊತೆಯಲ್ಲಿದ್ದರೆ ಅಲ್ಲಿನ ವೈದ್ಯರಿಗೆ ಹೊತ್ತು ಉಳಿಯುತ್ತದೆ.