‘ಮಾಡಿಬಿಡಿ, ಬಿಲ್‌ನಲ್ಲಿ ನೋಡೋಣ’ ಅಂದ ಮೇಲೆ

ರಸ್ತೆ, ಸೇತುವೆ, ಕಾಲುವೆ ಕೆಲಸ ಮಾಡಿಸಿದವರಿಗೆಲ್ಲ ಈ ಮಾತು ಪರಿಚಿತ. ಸೈಟ್‌ಗೆ ಬಂದ ಎಂಜಿನಿಯರ್ ನಕ್ಷೆಯಲ್ಲಿಲ್ಲದ ಒಂದು ಕೆಲಸ ತೋರಿಸಿ, ‘ಇದನ್ನೂ ಮಾಡಿಬಿಡಿ, ಬಿಲ್‌ನಲ್ಲಿ ನೋಡೋಣ’ ಅನ್ನುತ್ತಾರೆ. ಗುತ್ತಿಗೆದಾರ ಮಾಡುತ್ತಾನೆ. ಬಿಲ್ ಹೋದಾಗ ಆ ಐಟಂಗೆ ಕೆಂಪು ಗೆರೆ ಬಿದ್ದಿರುತ್ತದೆ. ಕರಾರಿನ ಭಾಷೆಯಲ್ಲಿ ಇಂಥ ಬದಲಾವಣೆಗೆ ವೇರಿಯೇಷನ್ ಎನ್ನುತ್ತಾರೆ. ಇದರ ಹಣ ಬರದಿದ್ದರೆ ನೇರ ಕೋರ್ಟಿಗೆ ಹೋಗುವುದಕ್ಕಿಂತ ಮೊದಲು ಅನೇಕ ದೊಡ್ಡ ಕರಾರುಗಳಲ್ಲಿ ಇನ್ನೊಂದು ಬಾಗಿಲಿದೆ. ಅದು ಅಡ್ಜುಡಿಕೇಷನ್. ಕಟ್ಟಡ ಕಾಮಗಾರಿ ತಿಳಿದ ಒಬ್ಬರು ಅಥವಾ ಮೂವರ ಬೋರ್ಡು ಎರಡೂ ಕಡೆಯ ಕಾಗದ ನೋಡಿ, ಕೆಲವೇ ವಾರಗಳಲ್ಲಿ ತೀರ್ಮಾನ ಕೊಡುತ್ತದೆ. ಆ ಬೋರ್ಡಿನ ಮುಂದೆ ಗುತ್ತಿಗೆದಾರ ಇಡುವ ಬರಹಕ್ಕೆ ಪೊಸಿಷನ್ ಪೇಪರ್, ಅಂದರೆ ನಿಲುವು ಪತ್ರ, ಎಂದು ಹೆಸರು.

ಇಲ್ಲಿ ಹೇಳುವುದು ಫಿಡಿಕ್ ಸಂಸ್ಥೆಯ 1999ರ ಕೆಂಪು ಪುಸ್ತಕದ ಕರಾರಿನ ಬಗ್ಗೆ. 1913ರಲ್ಲಿ ಹುಟ್ಟಿದ ಈ ಅಂತರರಾಷ್ಟ್ರೀಯ ಸಲಹಾ ಎಂಜಿನಿಯರುಗಳ ಒಕ್ಕೂಟದ ನಮೂನೆ ಕರಾರುಗಳು ಕೊಲ್ಲಿ ದೇಶಗಳ ಕಾಮಗಾರಿಗಳಲ್ಲಿ ಬಳಕೆಯಲ್ಲಿವೆ, ನಮ್ಮಲ್ಲೂ ವಿದೇಶಿ ಸಾಲದ ದೊಡ್ಡ ಯೋಜನೆಗಳಲ್ಲಿ ಕಾಣುತ್ತವೆ. ದುಬೈ, ದೋಹಾಗಳಲ್ಲಿ ಕ್ವಾಂಟಿಟಿ ಸರ್ವೇಯರ್ ಆಗಿರುವ ಕನ್ನಡಿಗರಿಗೆ ಈ ಕ್ಲಾಸುಗಳ ನಂಬರು ಬಾಯಿಪಾಠ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಂದು ರಸ್ತೆ ಅಗಲೀಕರಣದ ಕೆಲಸ. ನಕ್ಷೆಯ ಪ್ರಕಾರ ಒಂದು ಹಳ್ಳಕ್ಕೆ ಹ್ಯೂಮ್ ಪೈಪ್ ಮೋರಿ ಸಾಕು. ಮಾರ್ಚ್ 12ರಂದು, ಮಂಗಳವಾರ, ರೆಸಿಡೆಂಟ್ ಎಂಜಿನಿಯರ್ ಹಳ್ಳ ನೋಡಿ, ಮಳೆಗಾಲದಲ್ಲಿ ಪೈಪ್ ಕಟ್ಟಿಕೊಳ್ಳುತ್ತದೆ, ಬಾಕ್ಸ್ ಕಲ್ವರ್ಟ್ ಹಾಕಿ ಎನ್ನುತ್ತಾರೆ. ಮರುದಿನ ಗುತ್ತಿಗೆದಾರನ ಕಡೆಯಿಂದ ಒಂದು ಪತ್ರ ಹೋಗುತ್ತದೆ: ‘ನಿನ್ನೆ ತಾವು ಸೈಟ್‌ನಲ್ಲಿ ಕೊಟ್ಟ ಸೂಚನೆಯಂತೆ ಪೈಪ್ ಮೋರಿಯ ಬದಲು ಬಾಕ್ಸ್ ಕಲ್ವರ್ಟ್ ಕೆಲಸ ಶುರು ಮಾಡುತ್ತಿದ್ದೇವೆ, ಇದರ ಹೆಚ್ಚುವರಿ ಹಣ ಕೇಳುತ್ತೇವೆ.’ ಉತ್ತರ ಬರುವುದಿಲ್ಲ. ಕಲ್ವರ್ಟ್ ಎದ್ದು ನಿಲ್ಲುತ್ತದೆ, ಅಳತೆಯೂ ಆಗುತ್ತದೆ. ಜುಲೈ 5ರಂದು ಬಿಲ್ ಎಂಜಿನಿಯರ್ ಕೈ ಸೇರುತ್ತದೆ. ಅವರು ಪ್ರಮಾಣೀಕರಿಸುವುದು ಪೈಪ್ ಮೋರಿಯ 3,50,000 ರೂಪಾಯಿ ಮಾತ್ರ. ಕಾರಣ: ಲಿಖಿತ ಆದೇಶ ಇಲ್ಲ, ಮಾಲೀಕರ ಒಪ್ಪಿಗೆ ಇಲ್ಲ.

ನಿಲುವು ಪತ್ರದ ಮೊದಲ ಪುಟದಲ್ಲೇ ಜಗಳ ಏನೆಂಬುದು ಒಂದೆರಡು ವಾಕ್ಯದಲ್ಲಿ ಬರಬೇಕು. ಬಾಕ್ಸ್ ಕಲ್ವರ್ಟ್ ವೇರಿಯೇಷನ್ ಹೌದೋ ಅಲ್ಲವೋ, ಹೌದಾದರೆ ಬೆಲೆ ಎಷ್ಟು, ಇಷ್ಟೇ. ನಮ್ಮಲ್ಲಿ ಅನೇಕ ಪತ್ರಗಳು ಟೆಂಡರ್ ಕರೆದ ದಿನದಿಂದ ಶುರುವಾಗಿ, ಜಾಗ ಹಸ್ತಾಂತರ ತಡವಾಗಿದ್ದು, ಮರಳು ಸಿಗದಿದ್ದು, ಎಲ್ಲ ಹೇಳಿ ಮೂವತ್ತನೇ ಪುಟದಲ್ಲಿ ಮೋರಿಗೆ ಬರುತ್ತವೆ. ಬೋರ್ಡಿಗೆ ಅವು ಬೇಡ. ಅಲ್ಲದೆ ಬೋರ್ಡು ತೀರ್ಮಾನಿಸುವುದು ಎರಡೂ ಕಡೆಯವರ ನಡುವೆ ಆಗಲೇ ಎದ್ದಿರುವ ವಿವಾದವನ್ನು. ಎಂಜಿನಿಯರ್ ಮುಂದೆ ಎಂದೂ ಕೇಳದ ಬೇಡಿಕೆಯನ್ನು ಪತ್ರದಲ್ಲಿ ಹೊಸದಾಗಿ ಸೇರಿಸಿದರೆ, ‘ಇದು ವಿವಾದವೇ ಆಗಿರಲಿಲ್ಲ’ ಎಂದು ಎದುರು ಪಕ್ಷ ಎತ್ತುವ ಮೊದಲ ಆಕ್ಷೇಪ ಅಲ್ಲೇ ಸಿಗುತ್ತದೆ.

ಆಮೇಲೆ ಸಂಗತಿಗಳು. ದಿನಾಂಕದ ಕ್ರಮದಲ್ಲಿ, ಒಂದು ಸಂಗತಿಗೆ ಒಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ನಂಬರು, ಪಕ್ಕದಲ್ಲಿ ಅದಕ್ಕೆ ಆಧಾರವಾದ ಕಾಗದದ ಗುರುತು. ‘ಎಂಜಿನಿಯರ್ ದುರುದ್ದೇಶದಿಂದ ಸುಮ್ಮನಿದ್ದರು’ ಎನ್ನುವುದು ಇಲ್ಲಿ ಬರಬಾರದು. ‘ಮಾರ್ಚ್ 13ರ ಪತ್ರಕ್ಕೆ ಮಾರ್ಚ್ 15ರ ಸಂಜೆಯವರೆಗೆ ಲಿಖಿತ ಉತ್ತರ ಬಂದಿಲ್ಲ’ ಎಂದರೆ ಸಾಕು. ಕೇಸು ನಿಂತಿರುವುದೇ ಈ ಒಂದು ವಾಕ್ಯದ ಮೇಲೆ.

ಹೇಗೆಂದರೆ, ಕರಾರಿನ 3.3ನೇ ಕ್ಲಾಸು ಬಾಯಿಮಾತಿನ ಸೂಚನೆಗೂ ಒಂದು ದಾರಿ ಇಟ್ಟಿದೆ. ಎಂಜಿನಿಯರ್ ಅಥವಾ ಅಧಿಕಾರ ಪಡೆದ ಅವರ ಸಹಾಯಕ ಬಾಯಲ್ಲಿ ಸೂಚನೆ ಕೊಟ್ಟ ಎರಡು ಕೆಲಸದ ದಿನಗಳೊಳಗೆ ಗುತ್ತಿಗೆದಾರನ ಲಿಖಿತ ದೃಢೀಕರಣ ಅವರಿಗೆ ಸಿಗಬೇಕು. ಅದು ಸಿಕ್ಕ ಎರಡು ಕೆಲಸದ ದಿನಗಳೊಳಗೆ ಅವರು ಬರಹದಲ್ಲಿ ನಿರಾಕರಿಸದಿದ್ದರೆ ಅಥವಾ ಬೇರೆ ಸೂಚನೆ ಕೊಡದಿದ್ದರೆ, ಆ ಪತ್ರವೇ ಎಂಜಿನಿಯರ್‌ನ ಲಿಖಿತ ಆದೇಶವಾಗುತ್ತದೆ. ಮಾರ್ಚ್ 13 ಬುಧವಾರ. ಗುರುವಾರ, ಶುಕ್ರವಾರ ಮೌನ. ಆದೇಶ ಹುಟ್ಟಿತು. ಈ ಪತ್ರವನ್ನೇ ಗುತ್ತಿಗೆದಾರ ಒಂದು ವಾರ ಬಿಟ್ಟು ಬರೆದಿದ್ದರೆ 3.3 ಅವನ ಕೈಹಿಡಿಯುತ್ತಿರಲಿಲ್ಲ. ನಕ್ಷೆಯನ್ನು ತಾನಾಗಿ ಬದಲಿಸಿದ ಎಂದಾಗುತ್ತಿತ್ತು. ಎಂಜಿನಿಯರ್ ಹೇಳುವವರೆಗೆ ಅಥವಾ ಒಪ್ಪುವವರೆಗೆ ಗುತ್ತಿಗೆದಾರ ಏನನ್ನೂ ಬದಲಿಸಕೂಡದು ಎಂದು 13.1 ಕಟ್ಟುನಿಟ್ಟಾಗಿ ಹೇಳುತ್ತದೆ.

ಕಾಗದದ ಮಟ್ಟದಲ್ಲಿ ಇನ್ನೆರಡು ಸಣ್ಣ ವಿಷಯ ನೋಡಿಕೊಳ್ಳಬೇಕು. ರೆಸಿಡೆಂಟ್ ಎಂಜಿನಿಯರ್‌ಗೆ ಸೂಚನೆ ಕೊಡುವ ಅಧಿಕಾರವನ್ನು ಎಂಜಿನಿಯರ್ 3.2ರಡಿ ವಹಿಸಿದ ಪತ್ರ ಇದೆಯೇ? ಇಲ್ಲದಿದ್ದರೆ ಅವರ ಮಾತಿಗೆ ಬೆಲೆಯಿಲ್ಲ. ದೃಢೀಕರಣ ಹೋಗಿದ್ದು ಇಮೇಲ್‌ನಲ್ಲಾದರೆ, ಇಮೇಲ್ ನಡೆಯುತ್ತದೆ ಎಂದು ಟೆಂಡರ್‌ನ ಅಪೆಂಡಿಕ್ಸ್‌ನಲ್ಲಿ ಬರೆದಿದೆಯೇ? ನನ್ನ ಮಟ್ಟಿಗೆ, ಇಂಥ ಕೇಸುಗಳು ಸೋಲುವುದು ಕಾನೂನಿನ ಸೂಕ್ಷ್ಮದಲ್ಲಲ್ಲ, ಈ ಎರಡು ಕಾಗದ ಫೈಲಿನಲ್ಲಿ ಸಿಗದೆ.

‘ಮಾಲೀಕರ ಒಪ್ಪಿಗೆ ಇರಲಿಲ್ಲ’ ಎಂಬ ವಾದಕ್ಕೂ ಕರಾರಿನಲ್ಲೇ ಉತ್ತರವಿದೆ. ಎಂಜಿನಿಯರ್ ಯಾವುದಾದರೂ ಅಧಿಕಾರ ಚಲಾಯಿಸುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಬೇಕೆಂದು ವಿಶೇಷ ಷರತ್ತುಗಳಲ್ಲಿದ್ದರೂ, ಅವರು ಚಲಾಯಿಸಿದ ಮೇಲೆ ಒಪ್ಪಿಗೆ ಸಿಕ್ಕಿದೆ ಎಂದೇ ಭಾವಿಸಬೇಕು ಎನ್ನುತ್ತದೆ 3.1. ಒಪ್ಪಿಗೆ ಪಡೆಯದೆ ಹೇಳಿದ್ದು ಎಂಜಿನಿಯರ್ ಮತ್ತು ಮಾಲೀಕರ ನಡುವಿನ ವ್ಯವಹಾರ. ವಿಶೇಷ ಷರತ್ತುಗಳಲ್ಲಿ ಈ ಸಾಲನ್ನೇ ಕಿತ್ತುಹಾಕಿದ್ದರೆ ಮಾತು ಬೇರೆ. ಹಾಗಾಗಿ ಸಾಮಾನ್ಯ ಷರತ್ತನ್ನು ಉಲ್ಲೇಖಿಸುವ ಮೊದಲು ವಿಶೇಷ ಷರತ್ತು ತೆರೆದು ನೋಡುವುದು ಕಡ್ಡಾಯ.

ಎದುರು ಪಕ್ಷದ ಇನ್ನೊಂದು ಬಾಣ 20.1. ಹೆಚ್ಚುವರಿ ಹಣಕ್ಕೆ ಹಕ್ಕಿದೆ ಎಂದುಕೊಳ್ಳುವ ಗುತ್ತಿಗೆದಾರ, ಕಾರಣವಾದ ಘಟನೆ ಗೊತ್ತಾದ 28 ದಿನಗಳೊಳಗೆ ನೋಟಿಸ್ ಕೊಡದಿದ್ದರೆ ಹಕ್ಕು ಹೋಯಿತು ಎನ್ನುವ ಕ್ಲಾಸದು. ಇದಕ್ಕೆ ಪತ್ರದಲ್ಲಿ ಎರಡು ಹಂತದ ಉತ್ತರ ಇರಲಿ. ಮೊದಲನೆಯದು, ಆದೇಶವಾದ ವೇರಿಯೇಷನ್‌ಗೆ ಬೆಲೆ ಕಟ್ಟುವುದು ಎಂಜಿನಿಯರ್‌ನ ಕರ್ತವ್ಯ, ಅದಕ್ಕೆ ಬೇರೆ ಕ್ಲೈಮ್ ನೋಟಿಸ್ ಬೇಕಿಲ್ಲ. ಇದನ್ನು ಎಲ್ಲರೂ ಒಪ್ಪುವುದಿಲ್ಲ, ಆದ್ದರಿಂದ ಎರಡನೆಯದು: ಬೇಕೆಂದೇ ಇಟ್ಟುಕೊಂಡರೂ ಮಾರ್ಚ್ 13ರ ಪತ್ರವೇ ನೋಟಿಸ್. ಜಿಬ್ರಾಲ್ಟರ್ ವಿಮಾನ ನಿಲ್ದಾಣದ ಸುರಂಗ ರಸ್ತೆಯ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟು 2014ರಲ್ಲಿ ಫಿಡಿಕ್‌ನ ಹಳದಿ ಪುಸ್ತಕದ ಇದೇ ಕ್ಲಾಸನ್ನು ನೋಡಿ, ನೋಟಿಸ್‌ಗೆ ಇಂಥದ್ದೇ ನಮೂನೆ ಬೇಕಿಲ್ಲ, ಆದರೆ ಅದು ಬರಹದಲ್ಲಿದ್ದು ಕ್ಲೈಮ್ ಎಂದು ಗುರುತು ಸಿಗುವಂತಿರಬೇಕು ಎಂದಿತು. ‘ಹೆಚ್ಚುವರಿ ಹಣ ಕೇಳುತ್ತೇವೆ’ ಎಂಬ ಮೂರು ಪದಗಳ ತೂಕ ಇಲ್ಲಿ ತಿಳಿಯುತ್ತದೆ. ಅವಿಲ್ಲದಿದ್ದರೆ ಅದು ಬರೀ ಪ್ರಗತಿ ವರದಿ.

ಇನ್ನು ಲೆಕ್ಕ. 12.3ರ ಪ್ರಕಾರ ಕರಾರಿನಲ್ಲಿ ಆ ಕೆಲಸಕ್ಕೆ ದರವಿದ್ದರೆ ಅದೇ ದರ, ಇಲ್ಲದಿದ್ದರೆ ಹೋಲುವ ಕೆಲಸದ ದರ. ಅದೂ ಇಲ್ಲದಿದ್ದರೆ ನ್ಯಾಯವಾದ ಖರ್ಚು ಮತ್ತು ನ್ಯಾಯವಾದ ಲಾಭ ಸೇರಿಸಿ ಹೊಸ ದರ. ನಮ್ಮ ಉದಾಹರಣೆಯಲ್ಲಿ ಅದೇ ಕರಾರಿನ ಬೇರೆ ಬಾಕ್ಸ್ ಕಲ್ವರ್ಟ್‌ಗಳಿಗೆ ದರ ಇದೆ. ಕಾಂಕ್ರೀಟ್ 60 ಘನ ಮೀಟರ್, 9,000ದಂತೆ 5,40,000. ಕಬ್ಬಿಣ 5 ಟನ್, 80,000ದಂತೆ 4,00,000. ಅಗೆತ 200 ಘನ ಮೀಟರ್, 300ರಂತೆ 60,000. ಒಟ್ಟು 10,00,000. ಬಂದಿರುವ 3,50,000 ಕಳೆದರೆ ಬಾಕಿ 6,50,000. ಪ್ರತಿ ಅಂಕಿಯೂ ಇಬ್ಬರೂ ಸಹಿ ಹಾಕಿದ ಅಳತೆ ಹಾಳೆಗೆ ತಾಳೆಯಾಗಬೇಕು.

ಗುತ್ತಿಗೆದಾರ ನೀರೆತ್ತುವ ಪಂಪಿನ 18 ದಿನದ ಬಾಡಿಗೆ 90,000 ಕೂಡ ಕೇಳಬೇಕೆಂದಿದ್ದಾನೆ. ಆದರೆ ಅನೇಕ ಕರಾರುಗಳ ತಾಂತ್ರಿಕ ನಿರ್ದೇಶನಗಳಲ್ಲಿ ಅಗೆತದ ದರದಲ್ಲೇ ನೀರೆತ್ತುವುದು ಸೇರಿದೆ ಎಂದಿರುತ್ತದೆ. ಹಾಗಿದ್ದರೆ ಬಿಟ್ಟುಬಿಡುವುದೇ ಜಾಣತನ. ನಿಲ್ಲದ ಒಂದು ಐಟಂ ಬೋರ್ಡಿನ ಕಣ್ಣಿಗೆ ಬಿದ್ದರೆ, ನಿಲ್ಲುವ ಐಟಂಗಳನ್ನೂ ಅವರು ಅನುಮಾನದಿಂದಲೇ ಓದುತ್ತಾರೆ.

ಕೊನೆಗೆ ಬೇಡಿಕೆ. ‘ನ್ಯಾಯ ಒದಗಿಸಿ’ ಎಂದರೆ ಬೋರ್ಡು ಏನು ಬರೆಯಬೇಕು? ತೀರ್ಮಾನದ ಕೊನೆಯ ಪುಟವನ್ನು ಗುತ್ತಿಗೆದಾರನೇ ಬರೆದುಕೊಟ್ಟಂತೆ ಇರಬೇಕು. ಮಾರ್ಚ್ 13ರ ದೃಢೀಕರಣ 3.3ರಡಿ ಲಿಖಿತ ಆದೇಶವೆಂದು ಘೋಷಿಸಿ. ಬಾಕ್ಸ್ ಕಲ್ವರ್ಟ್ ವೇರಿಯೇಷನ್ ಎಂದೂ ಅದರ ಬೆಲೆ 10,00,000 ಎಂದೂ ತೀರ್ಮಾನಿಸಿ. ಮಾಲೀಕರು 6,50,000 ಕೊಡಲಿ. ದರವನ್ನು ಬೋರ್ಡು ಒಪ್ಪದಿದ್ದರೆ, 12.3ರಂತೆ ತಾನು ಸರಿಕಂಡ ಮೊತ್ತ ನಿಗದಿ ಮಾಡಲಿ. ಈ ಕೊನೆಯ ಸಾಲು ಬಿಟ್ಟುಹೋದರೆ, ನೀವು ಕೇಳಿದ ದರ ಬಿದ್ದಾಗ ಪೂರ್ತಿ ಬೇಡಿಕೆಯೇ ಬೀಳುವ ಅಪಾಯವಿದೆ.

ಬಡ್ಡಿ ಬೇರೆ ಕೇಳಬೇಕು. ಎಂಜಿನಿಯರ್‌ಗೆ ಬಿಲ್ ತಲುಪಿದ 56 ದಿನಗಳೊಳಗೆ ಹಣ ಬರಬೇಕು. ಜುಲೈ 5ರ ಬಿಲ್‌ಗೆ ಆಗಸ್ಟ್ 30 ಕೊನೆಯ ದಿನ. ಆಮೇಲಿನ ಪ್ರತಿ ದಿನಕ್ಕೂ 14.8ರಂತೆ, ಆಯಾ ದೇಶದ ಕೇಂದ್ರ ಬ್ಯಾಂಕಿನ ಡಿಸ್ಕೌಂಟ್ ದರದ ಮೇಲೆ ಶೇಕಡಾ 3 ಸೇರಿಸಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಎಂಜಿನಿಯರ್ ಪ್ರಮಾಣಪತ್ರ ಕೊಟ್ಟ ದಿನ ಯಾವುದೆಂಬುದು ಇದಕ್ಕೆ ಸಂಬಂಧವಿಲ್ಲ ಎಂದು ಕ್ಲಾಸೇ ಹೇಳುತ್ತದೆ. ನಮ್ಮ ಸರ್ಕಾರಿ ಕರಾರುಗಳ ವಿಶೇಷ ಷರತ್ತುಗಳು ಈ ದರವನ್ನು ತಗ್ಗಿಸಿರಬಹುದು, ನೋಡಿಕೊಳ್ಳಿ.

ಬೋರ್ಡು 84 ದಿನಗಳೊಳಗೆ ಕಾರಣ ಸಹಿತ ತೀರ್ಮಾನ ಕೊಡಬೇಕು. ಅದು ಕೈಗೆ ಬಂದ 28 ದಿನಗಳೊಳಗೆ ಯಾರೂ ಅಸಮ್ಮತಿ ನೋಟಿಸ್ ಕೊಡದಿದ್ದರೆ ಅದೇ ಅಂತಿಮ. ನೋಟಿಸ್ ಕೊಟ್ಟರೂ ಆರ್ಬಿಟ್ರೇಷನ್ ಮುಗಿಯುವವರೆಗೆ ತೀರ್ಮಾನ ಪಾಲಿಸಲೇಬೇಕು. ಆದರೆ ಪಾಲಿಸದಿದ್ದರೆ ಏನು ಎಂಬಲ್ಲಿ 1999ರ ಪುಸ್ತಕ ಸ್ಪಷ್ಟವಿಲ್ಲ. ಇಂಡೋನೇಷ್ಯಾದ ಒಂದು ಗ್ಯಾಸ್ ಪೈಪ್‌ಲೈನ್ ಕೆಲಸದಲ್ಲಿ 2008ರಲ್ಲಿ ಬೋರ್ಡು ಗುತ್ತಿಗೆದಾರನಿಗೆ ಸುಮಾರು 1.73 ಕೋಟಿ ಡಾಲರ್ ಕೊಡಬೇಕೆಂದಿತು. ಮಾಲೀಕರು ಕೊಡಲಿಲ್ಲ. ಆರ್ಬಿಟ್ರೇಷನ್, ಅದರ ಮೇಲೆ ಕೋರ್ಟು, ಮತ್ತೆ ಆರ್ಬಿಟ್ರೇಷನ್ ಎಂದು ಸುತ್ತಿ, ಸಿಂಗಪುರದ ಮೇಲ್ಮನವಿ ನ್ಯಾಯಾಲಯ ಗುತ್ತಿಗೆದಾರನ ಪರ ಕೊನೆಯ ಮಾತು ಹೇಳಿದ್ದು 2015ರಲ್ಲಿ. ಅಂತಿಮವಾಗದ ತೀರ್ಮಾನ ಪಾಲಿಸದಿದ್ದರೂ ನೇರ ಆರ್ಬಿಟ್ರೇಷನ್‌ಗೆ ಹೋಗಬಹುದು ಎಂದು ಫಿಡಿಕ್ ತನ್ನ 2017ರ ಆವೃತ್ತಿಯಲ್ಲಿ ಬಿಡಿಸಿ ಬರೆಯಿತು. ಮುಂದಿನ ಟೆಂಡರ್ ಹಾಕುವ ಮೊದಲು ನಿಮ್ಮ ಕೈಯಲ್ಲಿರುವುದು ಯಾವ ವರ್ಷದ ಪುಸ್ತಕ ಎಂದು ನೋಡಿ.