ಭಾರವೆತ್ತುವಿಕೆಯೂ ಎತ್ತರದ ಬೆಳವಣಿಗೆಯೂ: ಒಂದು ಕಾಕತಾಲೀಯ ನಂಬಿಕೆಯ ವಿವೇಚನೆ

ಪೀಣ್ಯದ ಕೈಗಾರಿಕಾ ವಸತಿಗಳಲ್ಲಾಗಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ಮನೆಗಳಲ್ಲಾಗಲಿ, ಹದಿನೈದು ಹದಿನಾರರ ಹುಡುಗನು ವ್ಯಾಯಾಮಶಾಲೆಗೆ ಸೇರುತ್ತೇನೆಂದಾಗ ಹಿರಿಯರ ಬಾಯಿಂದ ಹೊರಡುವ ಮಾತು ಒಂದೇ: “ಈಗಲೇ ಭಾರ ಎತ್ತಿದರೆ ಕುಳ್ಳನಾಗಿ ಉಳಿಯುತ್ತೀಯೆ.” ಈ ನಂಬಿಕೆ ಎಲ್ಲಿಂದ ಹುಟ್ಟಿತು, ಅದರಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಪರಿಶೀಲಿಸಿ, ಕಾಲೇಜಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಏನನ್ನು ಹೇಳಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎತ್ತರವು ಹೆಚ್ಚುವ ಬಗೆಯನ್ನು ನೋಡೋಣ. ತೊಡೆ, ಕಾಲು, ತೋಳುಗಳ ಉದ್ದ ಮೂಳೆಗಳ ತುದಿಯ ಸಮೀಪದಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದುಂಟು. ಇದನ್ನು ಬೆಳವಣಿಗೆಯ ಫಲಕವೆನ್ನಬಹುದು. ಇಲ್ಲಿಯ ಕೋಶಗಳು ವಿಭಜನೆ ಹೊಂದಿ, ಹಿಗ್ಗಿ, ಕ್ರಮೇಣ ಮೂಳೆಯಾಗಿ ಮಾರ್ಪಡುತ್ತವೆ, ಮೂಳೆ ಉದ್ದವಾಗುತ್ತದೆ. ಪ್ರಾಯದ ಕೊನೆಯಲ್ಲಿ ಹಾರ್ಮೋನುಗಳ ಪ್ರಭಾವದಿಂದ ಈ ಪದರವೇ ಮೂಳೆಯಾಗಿ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಇದು ಹುಡುಗಿಯರಲ್ಲಿ 14ರಿಂದ 16ರ, ಹುಡುಗರಲ್ಲಿ 16ರಿಂದ 18ರ ಸುಮಾರಿಗೆ ನಡೆಯುತ್ತದೆ. ಆಮೇಲೆ ಎತ್ತರವು ಹೆಚ್ಚುವುದಿಲ್ಲ.

ಭ್ರಮೆಯ ಮೊದಲ ಮೂಲವು ಇಲ್ಲಿಯೇ ಇದೆ. ಹುಡುಗರು ಹದಿಮೂರು ಹದಿನಾಲ್ಕರ ಸುಮಾರಿಗೆ ಅತ್ಯಂತ ವೇಗವಾಗಿ ಬೆಳೆಯುತ್ತಾರೆ. ಹದಿನಾರರ ವೇಳೆಗೆ ಆ ವೇಗ ತಾನಾಗಿಯೇ ಕುಂದುತ್ತದೆ. ವ್ಯಾಯಾಮಶಾಲೆಗೆ ಹೋಗಬೇಕೆಂಬ ಆಸೆ ಮೂಡುವುದೂ ಬಹುಮಟ್ಟಿಗೆ ಅದೇ ವಯಸ್ಸಿನಲ್ಲಿ. ಕಾಗೆ ಕೂತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಟ್ಟಿಗೆ ಆದುದರಿಂದ ಕಾಗೆಯೇ ಹಣ್ಣನ್ನು ಕೆಡವಿತೆಂದು ತಿಳಿದಂತೆ, ಭಾರವೇ ಬೆಳವಣಿಗೆಯನ್ನು ತಡೆಯಿತೆಂದು ಮನೆಯವರು ನಿರ್ಣಯಿಸುತ್ತಾರೆ.

ಎರಡನೆಯದು ಭಾರ ಎತ್ತುವವರ ಆಕಾರ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು ಬೆಳ್ಳಿಯ ಪದಕ ಗಳಿಸಿದ್ದು 56 ಕಿಲೋ ತರಗತಿಯಲ್ಲಿ. ಇಂಥ ತರಗತಿಯಲ್ಲಿ ಎತ್ತರದ ಮನುಷ್ಯನಿಗೆ ಅದೇ 56 ಕಿಲೋ ನೀಳವಾದ ಮೂಳೆಗಳ ಮೇಲೆ ತೆಳ್ಳಗೆ ಹಂಚಿಹೋಗುತ್ತದೆ. ಗಿಡ್ಡ ಕೈಕಾಲುಗಳವನು ಭಾರವನ್ನು ಕಡಿಮೆ ದೂರ ಎತ್ತಿದರೆ ಸಾಕು. ಆದುದರಿಂದ ಕ್ರೀಡೆಯು ಗಿಡ್ಡವರನ್ನು ಆರಿಸಿಕೊಳ್ಳುತ್ತದೆಯೇ ಹೊರತು ಅವರನ್ನು ಗಿಡ್ಡವಾಗಿಸುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಆಡಿದ್ದರಿಂದಲೇ ಆಟಗಾರರು ಎತ್ತರವಾದರೆಂದು ಯಾರೂ ಹೇಳುವುದಿಲ್ಲವಷ್ಟೆ.

ಮೂರನೆಯ ಮೂಲವು ಹೆಚ್ಚು ಗಂಭೀರವಾದುದು. ಜಪಾನಿನ ದೂರದ ಹಳ್ಳಿಗಳಲ್ಲಿ ಅತಿಯಾಗಿ ದುಡಿಯುತ್ತಿದ್ದ ಮಕ್ಕಳ ಬೆಳವಣಿಗೆ ಕುಂಠಿತವಾಗಿದ್ದುದನ್ನು ಕುರಿತ ವರದಿಯೊಂದು 1964ರಲ್ಲಿ ಟೋಕಿಯೋದಲ್ಲಿ ನಡೆದ ಕ್ರೀಡಾವಿಜ್ಞಾನ ಸಮ್ಮೇಳನದಲ್ಲಿ ಮಂಡಿತವಾಯಿತು. ಮುಂದೆ ಇದನ್ನು ಭಾರದ ವ್ಯಾಯಾಮಕ್ಕೂ ಅನ್ವಯಿಸಲಾಯಿತು. ಆದರೆ ಸಾಕಷ್ಟು ಅನ್ನವೂ ನಿದ್ರೆಯೂ ಇಲ್ಲದೆ ದಿನವಿಡೀ ಹೊರೆ ಹೊರುವುದು ಬೇರೆ. ಉಂಡು, ವಾರಕ್ಕೆ ಎರಡು ದಿನ ಅರ್ಧ ಗಂಟೆ ಅಳತೆಯ ಭಾರವನ್ನು ಎತ್ತಿ ಇಳಿಸುವುದು ಬೇರೆ. ಕಾರ್ಖಾನೆಗಳ ನಡುವೆ ಪಾಠ ಹೇಳುವ ನಾವು ಈ ಭೇದವನ್ನು ಮರೆಯಬಾರದು. ಓದಿನ ಜೊತೆಗೆ ಗೋದಾಮಿನಲ್ಲಿ ಮೂಟೆ ಹೊರುವ ಹುಡುಗನ ವಿಷಯದಲ್ಲಿ ಹಿರಿಯರ ಆತಂಕ ನ್ಯಾಯವಾದುದೇ. ಅವನಿಗೆ ಬೇಕಾದುದು ಮತ್ತಷ್ಟು ಭಾರವಲ್ಲ, ಊಟ ಮತ್ತು ವಿಶ್ರಾಂತಿ.

ಹಾಗಾದರೆ ನಂಬಿಕೆಯಲ್ಲಿ ಸತ್ಯಾಂಶವೇ ಇಲ್ಲವೆ? ಉಂಟು. ಬೆಳವಣಿಗೆಯ ಫಲಕವು ಸುತ್ತಲಿನ ಮೂಳೆಗಿಂತ ದುರ್ಬಲವಾದುದು. ಅದು ಮುರಿದು ಸರಿಯಾಗಿ ಕೂಡದಿದ್ದರೆ ಆ ಮೂಳೆ ಗಿಡ್ಡವಾಗಬಹುದು ಅಥವಾ ಡೊಂಕಾಗಬಹುದು. ಮಣಿಕಟ್ಟಿನ ಫಲಕಗಳು ಮುರಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣ ಒಂದೇ: ನೋಡಿಕೊಳ್ಳುವವರಿಲ್ಲದೆ, ತಪ್ಪು ಕ್ರಮದಲ್ಲಿ, ಗರಿಷ್ಠ ಭಾರವನ್ನು ತಲೆಯ ಮೇಲಕ್ಕೆ ಎತ್ತಲು ಹೋದದ್ದು. ಬಲ್ಲವರ ಮೇಲ್ವಿಚಾರಣೆಯಲ್ಲಿ ನಡೆದ ವ್ಯಾಯಾಮದಿಂದ ಎತ್ತರ ಕುಂದಿದ್ದಕ್ಕೆ ಮಾತ್ರ ಆಧಾರ ದೊರೆತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2020ರ ತನ್ನ ವರದಿಯಲ್ಲಿ ಇಂಥ ವ್ಯಾಯಾಮವನ್ನು ಅಂಗೀಕರಿಸಿದೆ.

ಇನ್ನು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ರಥಮ ಪಿ.ಯು.ಸಿ. ಓದುತ್ತಿರುವ, 16 ವರ್ಷದ, 48 ಕಿಲೋ ತೂಗುವ ವಿದ್ಯಾರ್ಥಿಯೊಬ್ಬನಿದ್ದಾನೆಂದು ಭಾವಿಸೋಣ. ವ್ಯಾಯಾಮಶಾಲೆಯ ಉಪಕರಣಗಳು ವಯಸ್ಕರಿಗಾಗಿ ಮಾಡಿದವು. ಸ್ಪರ್ಧೆಗಳಲ್ಲಿ ಪುರುಷರು ಬಳಸುವ ಕಬ್ಬಿಣದ ಸರಳು, ತಟ್ಟೆಗಳನ್ನು ಸೇರಿಸುವ ಮೊದಲೇ 20 ಕಿಲೋ ತೂಗುತ್ತದೆ. ಅದು ಈ ಹುಡುಗನ ದೇಹತೂಕದ ಐದರಲ್ಲಿ ಎರಡು ಪಾಲು. “ಬರಿಯ ಸರಳು” ಎಂಬುದು ಅವನಿಗೆ ಬರಿದಲ್ಲ.

ನಮ್ಮ ಗರಡಿಯ ಬಸ್ಕಿ ಮತ್ತು ದಂಡಗಳು ಇಲ್ಲಿ ಒಳ್ಳೆಯ ಆರಂಭವಾಗುತ್ತವೆ. ಮೊದಲ ಎರಡು ವಾರ, ವಾರಕ್ಕೆ ಎರಡು ದಿನ, ನಡುವೆ ಬಿಡುವು ಕೊಟ್ಟು, ಭಾರವಿಲ್ಲದೆ ಇವೆರಡನ್ನೇ ಕಲಿಸಬೇಕು. ನೆಲದ ಮೇಲೆ ದಂಡ ಹೊಡೆಯಲಾಗದಿದ್ದರೆ ಬೆಂಚಿನ ಮೇಲೆ ಕೈಯೂರಿ ಹೊಡೆಯಲಿ. ಮೂರನೆಯ ವಾರ ಒಂದು ಲೀಟರಿನ ಐದು ನೀರಿನ ಬಾಟಲಿಗಳನ್ನು ಗಟ್ಟಿಯಾದ ಚೀಲಕ್ಕೆ ತುಂಬಿ, ಎದೆಗೆ ಅವುಚಿಕೊಂಡು ಹತ್ತು ಬಸ್ಕಿ; ಎರಡು ನಿಮಿಷ ವಿರಾಮ; ಮತ್ತೆ ಹತ್ತು. ಎರಡು ಸರದಿಯಲ್ಲಿಯೂ ಹದಿನೈದರವರೆಗೆ ಕ್ರಮ ಕೆಡದಂತೆ ಮಾಡಬಲ್ಲನಾದಾಗ ಅರ್ಧ ಲೀಟರಿನ ಬಾಟಲಿಯೊಂದನ್ನು ಸೇರಿಸಿ, ಮತ್ತೆ ಹತ್ತರಿಂದ ಆರಂಭಿಸಬೇಕು. ಹೀಗೆ ಏರಿಕೆ ನೂರಕ್ಕೆ ಹತ್ತರಷ್ಟೇ ಆಗುತ್ತದೆ. ವ್ಯಾಯಾಮಶಾಲೆಯಲ್ಲಿ 5 ಕಿಲೋ ಡಂಬೆಲ್ ಬಿಟ್ಟು 7.5 ಕಿಲೋ ಹಿಡಿದರೆ ಅದೇ ಏರಿಕೆ ನೂರಕ್ಕೆ ಐವತ್ತಾಗುತ್ತದೆ. ತೊಂದರೆಗೆ ದಾರಿಯಾಗುವುದು ಇಂಥ ಜಿಗಿತವೇ.

ಮೇಲ್ವಿಚಾರಣೆಯೆಂದರೆ ಬಾಗಿಲ ಬಳಿ ಕುಳಿತಿರುವುದಲ್ಲ. ಹಿಮ್ಮಡಿ ನೆಲ ಬಿಡುತ್ತಿದೆಯೆ, ಮೊಣಕಾಲುಗಳು ಒಳಕ್ಕೆ ವಾಲುತ್ತಿವೆಯೆ, ಬೆನ್ನು ಗೂನಾಗುತ್ತಿದೆಯೆ, ಉಸಿರು ಬಿಗಿಹಿಡಿದಿದ್ದಾನೆಯೆ ಎಂದು ನೋಡುತ್ತಿದ್ದು, ಒಂಬತ್ತನೆಯ ಬಸ್ಕಿಯಲ್ಲಿ ಕ್ರಮ ಕೆಟ್ಟರೆ ಸರದಿಯನ್ನು ಅಲ್ಲಿಗೇ ನಿಲ್ಲಿಸುವುದು. ಒಬ್ಬರು ಹತ್ತಕ್ಕಿಂತ ಹೆಚ್ಚು ಮಂದಿಯನ್ನು ಹೀಗೆ ನೋಡಲಾರರು. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಪಂದ್ಯಕ್ಕೆ ಈ ಹಂತದಲ್ಲಿ ಅವಕಾಶ ಕೊಡಬಾರದು. ರಕ್ತದೊತ್ತಡ, ಹೃದಯದ ಕಾಯಿಲೆ ಅಥವಾ ಮೂರ್ಛೆ ಇರುವವರು ವೈದ್ಯರ ಅನುಮತಿಯಿಲ್ಲದೆ ಆರಂಭಿಸಲೇಬಾರದು.

ನೋವಿನಲ್ಲಿಯೂ ಎರಡು ಬಗೆ. ಮರುದಿನ ತೊಡೆ ಅಥವಾ ಎದೆಯ ಸ್ನಾಯುವಿನ ತುಂಬ ಹರಡಿ, ಎರಡು ಮೂರು ದಿನಗಳಲ್ಲಿ ಇಳಿಯುವ ನೋವಿಗೆ ಅಂಜಬೇಕಾಗಿಲ್ಲ. ಮಣಿಕಟ್ಟು, ಮೊಣಕಾಲುಗಳಂಥ ಕೀಲಿನ ಸಮೀಪ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ನೋವು, ಊತ, ಅಥವಾ ವಾರಗಟ್ಟಲೆ ಉಳಿಯುವ ಸೊಂಟನೋವು ಇದ್ದರೆ ವ್ಯಾಯಾಮವನ್ನು ನಿಲ್ಲಿಸಿ ಮೂಳೆವೈದ್ಯರಿಗೆ ತೋರಿಸಬೇಕು. ಫಲಕದ ಪೆಟ್ಟು ಕೆಲವೊಮ್ಮೆ ಮೊದಲ ಎಕ್ಸ್‌-ರೇ ಚಿತ್ರದಲ್ಲಿ ಕಾಣುವುದಿಲ್ಲವಾದುದರಿಂದ, ಚಿತ್ರ ಸರಿಯಾಗಿದ್ದರೂ ನೋವು ಉಳಿದರೆ ಮತ್ತೆ ಹೋಗಬೇಕು.

ಮನೆಯವರ ಸಂಶಯಕ್ಕೆ ಉತ್ತರ ಅಳತೆಯಲ್ಲಿದೆ. ಮನುಷ್ಯನ ಎತ್ತರ ಬೆಳಗಿನಿಂದ ಸಂಜೆಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ತಗ್ಗುವುದರಿಂದ ವಾರವಾರ ಅಳೆಯುವುದು ವ್ಯರ್ಥ. ಆರು ತಿಂಗಳಿಗೊಮ್ಮೆ, ಅದೇ ಹೊತ್ತಿನಲ್ಲಿ, ಬರಿಗಾಲಿನಲ್ಲಿ, ಅದೇ ಗೋಡೆಗೆ ನಿಲ್ಲಿಸಿ ಅಳೆದು ಬರೆದಿಡಬೇಕು. ಆ ಅಂಕಿಗಳನ್ನು ಓದುವಾಗಲೂ ಹುಡುಗನ ವಯಸ್ಸನ್ನು ಗಮನದಲ್ಲಿಡಬೇಕು: ಹದಿನೇಳರಲ್ಲಿ ಏರಿಕೆ ಕಡಿಮೆಯಾಗಿ ಕಂಡರೆ ಅದು ಆ ಪ್ರಾಯದ ಸಹಜ ಗತಿ, ಹದಿಮೂರರಲ್ಲಿ ವರ್ಷವಿಡೀ ಏರಿಕೆಯೇ ಕಾಣದಿದ್ದರೆ, ಅವನು ಭಾರ ಎತ್ತುತ್ತಿರಲಿ ಬಿಡಲಿ, ವೈದ್ಯರು ನೋಡಬೇಕಾದ ವಿಷಯ.