ರಾಗಿ ತೆನೆಗೆ ಸೇರಿದ ರಂಜಕ ಎಲ್ಲಿಯದು?

ಬಿತ್ತನೆಯ ದಿನ ಸಾಲಿಗೆ ಹಾಕಿದ ಸೂಪರ್ ಫಾಸ್ಫೇಟಿನಲ್ಲಿ ರಾಗಿಗೆ ದಕ್ಕಿದ್ದೆಷ್ಟು? ಪೈರನ್ನು ಸುಟ್ಟು ಬೂದಿಯಲ್ಲಿರುವ ರಂಜಕವನ್ನು ಅಳೆಯಬಹುದು. ಆದರೆ ಅದರಲ್ಲಿ ಚೀಲದಿಂದ ಬಂದದ್ದು ಯಾವುದು, ಮಣ್ಣಿನಲ್ಲಿ ಮೊದಲೇ ಇದ್ದದ್ದು ಯಾವುದು ಎಂದು ಬೂದಿ ಹೇಳುವುದಿಲ್ಲ. ಕೆಂಪು ಮಣ್ಣಿನ ರೈತನಿಗೆ ಇದು ದುಡ್ಡಿನ ಪ್ರಶ್ನೆ. ಆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಾಕಿದ ರಂಜಕದಲ್ಲಿ ದೊಡ್ಡ ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ.

ಉತ್ತರ ಬೇಕಾದರೆ ಗೊಬ್ಬರದ ರಂಜಕಕ್ಕೆ ಗುರುತು ಹಾಕಿ ಕಳಿಸಬೇಕು. ಹಂಗೇರಿಯ ವಿಜ್ಞಾನಿ ಜಾರ್ಜ್ ಹೆವೆಶಿ 1923ರಲ್ಲೇ ವಿಕಿರಣಶೀಲ ಸೀಸವನ್ನು ದ್ವಿದಳ ಧಾನ್ಯದ ಗಿಡಕ್ಕೆ ಕುಡಿಸಿ, ಅದು ಬೇರಿನಿಂದ ಎಲೆಯವರೆಗೆ ಎಷ್ಟು ಏರಿತೆಂದು ಅಳೆದಿದ್ದರು. ಗೊಬ್ಬರದ ಪರೀಕ್ಷೆಗೆ ಬಳಸುವುದು ರಂಜಕ-32. ಬೇರು ಇದನ್ನು ಮಾಮೂಲಿ ರಂಜಕದಂತೆಯೇ ಹೀರುತ್ತದೆ, ಆದರೆ ಇದು ಹೊರಸೂಸುವ ಬೀಟಾ ಕಣಗಳನ್ನು ಕೌಂಟರ್ ಎಣಿಸಬಲ್ಲದು. ಎಲೆಯನ್ನು ಕತ್ತಲಲ್ಲಿ ಎಕ್ಸ್-ರೇ ಫಿಲ್ಮಿನ ಮೇಲೆ ಒತ್ತಿಟ್ಟರೆ, ರಂಜಕ ಸೇರಿದ ನರಗಳು ಮತ್ತು ಎಳೆಯ ಭಾಗಗಳು ಕಪ್ಪಾಗಿ ಮೂಡುತ್ತವೆ.

ಒಂದು ಕುಂಡದ ಲೆಕ್ಕ ನೋಡೋಣ. ಗುರುತು ಹಾಕಿದ ಗೊಬ್ಬರದಲ್ಲಿ 30 ಮಿಲಿಗ್ರಾಂ ರಂಜಕ ಕೊಟ್ಟಿದ್ದೇವೆ ಎನ್ನಿ. ಪೈರು ಬೆಳೆದ ಮೇಲೆ ಕೊಯ್ದು, ಒಣಗಿಸಿ, ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ ಎಣಿಸುತ್ತಾರೆ. ಗೊಬ್ಬರದ ಒಂದು ಮಿಲಿಗ್ರಾಂ ರಂಜಕ ನಿಮಿಷಕ್ಕೆ 2000 ಎಣಿಕೆ ಕೊಟ್ಟು, ಪೈರಿನ ಒಂದು ಮಿಲಿಗ್ರಾಂ 300 ಕೊಟ್ಟರೆ, ಪೈರಿನ ರಂಜಕದಲ್ಲಿ ಶೇ. 15 ಗೊಬ್ಬರದ್ದು. ಪೈರಿನಲ್ಲಿ ಒಟ್ಟು 20 ಮಿಲಿಗ್ರಾಂ ರಂಜಕವಿದ್ದರೆ ಗೊಬ್ಬರದಿಂದ ಬಂದದ್ದು 3. ಅಂದರೆ ಹಾಕಿದ 30ರಲ್ಲಿ ದಕ್ಕಿದ್ದು ಹತ್ತನೇ ಒಂದು ಪಾಲು.

ರಂಜಕ-32ರ ಅರ್ಧಾಯು 14.3 ದಿನ. ಎರಡು ತಿಂಗಳಾಗುವಷ್ಟರಲ್ಲಿ ಹದಿನಾರನೇ ಒಂದು ಪಾಲಷ್ಟೇ ಉಳಿದಿರುತ್ತದೆ. ಆದ್ದರಿಂದ ಅದೇ ಗೊಬ್ಬರದ ಒಂದು ಚಿಟಿಕೆಯನ್ನು ಮೊದಲೇ ತೆಗೆದಿಟ್ಟು, ಪೈರನ್ನು ಎಣಿಸುವ ದಿನವೇ ಅದನ್ನೂ ಎಣಿಸುತ್ತಾರೆ. ಎರಡೂ ಸಮನಾಗಿ ಕುಗ್ಗಿರುವುದರಿಂದ ಲೆಕ್ಕ ಕೆಡದು. ಇದರ ಜಾಣತನ ನನಗೆ ಬಹಳ ಹಿಡಿಸುತ್ತದೆ.

ಕೆಡುವುದು ಬೇರೆ ಕಡೆ. ನೀರು ಹಾಕುವಾಗ ಮಣ್ಣು ಎಲೆಗೆ ಸಿಡಿದರೆ ಹೀರದ ರಂಜಕವೂ ಎಣಿಕೆಗೆ ಬರುತ್ತದೆ. ತೊಳೆದ ಎಲೆಗೂ ತೊಳೆಯದ ಎಲೆಗೂ ಅಂತರ ಕಂಡರೆ ಕಾರಣ ಅದೇ. ಗುರುತು ಅತಿಯಾದರೆ ವಿಕಿರಣವೇ ಬೇರನ್ನು ಕುಗ್ಗಿಸುತ್ತದೆ. ಹಾಗಾಗಿ ಗುರುತಿಲ್ಲದ ಗೊಬ್ಬರದ ಕುಂಡಗಳನ್ನೂ ಪಕ್ಕದಲ್ಲಿ ಬೆಳೆಸುತ್ತಾರೆ. ಎರಡರ ಬೆಳವಣಿಗೆ ಒಂದೇ ತೆರನಾಗಿಲ್ಲದಿದ್ದರೆ ಆ ಪ್ರಯೋಗವನ್ನು ಕೈಬಿಡಬೇಕು.

ಇಷ್ಟು ಬೇಗ ಕುಗ್ಗುವ ಗುರುತಿನಿಂದ ಅಡಿಕೆ, ತೆಂಗಿನಂಥ ಮರಗಳ ವರ್ಷಪೂರ್ತಿಯ ಲೆಕ್ಕ ಸಿಗದು. ಅಲ್ಲಿ ಪ್ರಶ್ನೆಯನ್ನೇ ಬದಲಿಸುತ್ತಾರೆ. ಬುಡದಿಂದ ಬೇರೆ ಬೇರೆ ದೂರ, ಆಳಗಳಲ್ಲಿ ತೂತು ಕೊರೆದು, ಒಂದೊಂದು ಮರಕ್ಕೆ ಒಂದೊಂದು ಜಾಗದಲ್ಲಿ ರಂಜಕ-32 ಇಳಿಸುತ್ತಾರೆ. ಕೆಲವು ವಾರಗಳಲ್ಲಿ ಯಾವ ಮರದ ಎಲೆ ಹೆಚ್ಚು ಎಣಿಕೆ ಕೊಡುತ್ತದೋ ಆ ಜಾಗದಲ್ಲಿ ಬೇರು ಚುರುಕಾಗಿದೆ, ಗೊಬ್ಬರ ಬೀಳಬೇಕಾದದ್ದೂ ಅಲ್ಲೇ.